ಒಂದೇ ಕರೆ, ಮೂರು ಸಾರಾಂಶ: ಯಾವುದನ್ನು ನಂಬಿ ಔಷಧಿ ಕಲಸೋದು?

ಈಗ ಗುಂಪು ಕರೆ ಮುಗಿದ ಎರಡೇ ನಿಮಿಷಕ್ಕೆ ಫೋನಲ್ಲಿ ಅದರ ಸಾರಾಂಶ ರೆಡಿ. ಒಂದು ಆಪ್ ಉದ್ದಕ್ಕೆ ಬರೆದು ಕೊಡುತ್ತೆ, ಇನ್ನೊಂದು ನಾಲ್ಕು ಸಾಲಲ್ಲಿ ಮುಗಿಸುತ್ತೆ. ‘ಯಾವುದು ಚೆನ್ನಾಗಿದೆ?’ ಅಂತ ನಮ್ಮ ಗುಂಪಲ್ಲಿ ಕೇಳಿದರೆ, ಓದೋಕೆ ಸಲೀಸಾಗಿರೋದಕ್ಕೆ ಎಲ್ಲರೂ ಕೈ ಎತ್ತುತ್ತಾರೆ. ನನ್ನ ತಕರಾರು ಇರೋದು ಇಲ್ಲೇ. ಸಲೀಸಾಗಿ ಓದಿಸಿಕೊಳ್ಳೋದು ಈ ಆಪ್‌ಗಳೆಲ್ಲ ಕಲಿತಿರೋ ವಿದ್ಯೆ. ಅದರಿಂದ ಒಂದನ್ನು ಇನ್ನೊಂದರಿಂದ ಬೇರೆ ಮಾಡೋಕೆ ಆಗಲ್ಲ. ನೋಡಬೇಕಾದ್ದು ಮೂರು ವಿಷಯ: ಕರೆಯಲ್ಲಿ ಆಡಿದ ಮುಖ್ಯ ಮಾತು ಎಷ್ಟು ಬಂದಿದೆ, ಬಂದದ್ದು ಆಡಿದ ಹಾಗೇ ಬಂದಿದೆಯಾ, ಮತ್ತು ಯಾರ ಕಡೆ ವಾಲಿದೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು, ಕೂಡಿಸಿ ಒಂದು ಅಂಕ ಮಾಡಬಾರದು ಅನ್ನೋದು ನನ್ನ ವಾದ. ಯಾಕೆ ಅಂತ ನಮ್ಮದೇ ಒಂದು ಕರೆ ಇಟ್ಟುಕೊಂಡು ಹೇಳ್ತೀನಿ.

ನಮ್ಮ ಸಾಗರದ ಕಡೆ ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪಿದೆ. ಮೇ ಮಧ್ಯದಲ್ಲಿ ಕೊಳೆ ರೋಗದ ಬಗ್ಗೆ 38 ನಿಮಿಷದ ಗುಂಪು ಕರೆ ಮಾಡಿದ್ವಿ. ರೆಕಾರ್ಡ್ ಮಾಡ್ತೀವಿ ಅಂತ ಶುರುವಲ್ಲೇ ಹೇಳಿ ಎಲ್ಲರ ಒಪ್ಪಿಗೆ ತಗೊಂಡಿದ್ವಿ. ಇದನ್ನು ನೀವೂ ಬಿಡಬೇಡಿ. ಕರೆಯಲ್ಲಿ ಆರು ಜನ. ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರು, ಔಷಧಿ ಅಂಗಡಿಯವರೊಬ್ಬರು, ಇಪ್ಪತ್ತೈದು ವರ್ಷದಿಂದ ತೋಟ ನೋಡಿಕೊಳ್ಳುತ್ತಿರೋ ಅಕ್ಕ ಒಬ್ಬರು, ನಾನು, ಇನ್ನಿಬ್ಬರು ಹುಡುಗರು. ಕರೆಯ ಆಡಿಯೋವನ್ನು ಒಂದು ಆಪ್ ಅಕ್ಷರಕ್ಕೆ ಇಳಿಸಿತು. ಅದೇ ಅಕ್ಷರ ರೂಪದಿಂದ ಮೂರು ಸಾರಾಂಶ ಮಾಡಿಸಿದೆ. ಅವನ್ನು ಅ, ಆ, ಇ ಅಂತ ಕರೆಯೋಣ. ಆಪ್‌ಗಳ ಹೆಸರು ಬೇಡ, ಮುಂದಿನ ತಿಂಗಳಿಗೆ ಅವು ಬೇರೆಯೇ ಆಗಿರುತ್ತವೆ.

ಸಾರಾಂಶಗಳನ್ನು ತೆರೆಯೋ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ರೆಕಾರ್ಡಿಂಗ್ ಕೇಳಿ ನಿಮ್ಮದೇ ಪಟ್ಟಿ ಬರೆಯೋದು. ಸಾರಾಂಶ ಮೊದಲು ಓದಿಬಿಟ್ಟರೆ ಅದರಲ್ಲಿ ಇರೋದೇ ಮುಖ್ಯ ಅಂತ ತಲೆ ಒಪ್ಪಿಕೊಳ್ಳುತ್ತೆ, ಇಲ್ಲದ್ದು ನೆನಪಿಗೇ ಬರಲ್ಲ. 38 ನಿಮಿಷದ ಕರೆಗೆ ಪಟ್ಟಿ ಮಾಡೋಕೆ ಒಂದೂಕಾಲು ಗಂಟೆ ಹಿಡೀತು. ನಾನು ಸಾವಯವದವನು, ನನಗೆ ಮುಖ್ಯ ಅನ್ನಿಸೋದು ಬೇರೆಯವರಿಗೆ ಅನ್ನಿಸಬೇಕಾಗಿಲ್ಲ. ಹಾಗಾಗಿ ರಾಸಾಯನಿಕ ಬಳಸೋ ಹುಡುಗನೊಬ್ಬನಿಗೂ ಬೇರೆಯಾಗಿ ಪಟ್ಟಿ ಮಾಡೋಕೆ ಹೇಳಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಮೂರು ಅಂಶದಲ್ಲಿ ವ್ಯತ್ಯಾಸ ಇತ್ತು. ಮಾತಾಡಿಕೊಂಡು 14 ಅಂಶಕ್ಕೆ ಬಂದ್ವಿ.

ಹದಿನಾಲ್ಕೂ ಒಂದೇ ತೂಕದವಲ್ಲ. ಐದಕ್ಕೆ ಕೆಂಪು ಗೆರೆ ಹಾಕಿದ್ವಿ, ಅವು ತಪ್ಪಿದರೆ ಆ ವರ್ಷದ ಫಸಲಿಗೇ ಹೊಡೆತ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಅನ್ನೋದು ಒಂದು. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕಲಕಬೇಕು ಅನ್ನೋದು ಎರಡನೇದು. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು. ಕಲಸಿದ್ದನ್ನು ಆ ದಿನವೇ ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯೋ ಮೊದಲು, ಎರಡನೇದು 40–45 ದಿನಕ್ಕೆ. ಉಳಿದ ಒಂಬತ್ತು ಅಂಶಗಳಲ್ಲಿ ಉದುರಿದ ಕಾಯಿ ಆರಿಸೋದು, ಮಳೆ ನಿಲ್ಲದಿದ್ದರೆ ಮೂರನೇ ಸಲ ಹೊಡೆಯೋದು, ಸಾವಯವ ಪ್ರಮಾಣಪತ್ರ ಇರೋರು ತಾಮ್ರದ ಬಳಕೆಗೆ ಮೊದಲು ಪ್ರಮಾಣೀಕರಣ ಸಂಸ್ಥೆಯನ್ನು ಕೇಳೋದು, ಮರ ಹತ್ತುವವರನ್ನು ಎಲ್ಲರೂ ಸೇರಿ ಗೊತ್ತು ಮಾಡೋದು, ಇಂಥವು ಇದ್ದವು.

ಇನ್ನು ಹೋಲಿಕೆ. ಆಪ್ ಹೆಸರು ಕಾಣದ ಹಾಗೆ ಮೂರನ್ನೂ ಒಂದೇ ಥರದ ನೋಟ್‌ಗೆ ನನ್ನ ತಂಗಿ ಹಾಕಿಕೊಟ್ಟಳು. ನಾನು ಅ, ಆ, ಇ ಕ್ರಮದಲ್ಲಿ ಓದಿದೆ, ಆ ಹುಡುಗ ಇ ಕಡೆಯಿಂದ. ಮೊದಲು ಓದಿದ್ದು, ಉದ್ದ ಇರೋದು, ದಪ್ಪಕ್ಷರದ ತಲೆಬರಹ ಇರೋದು ಸುಮ್ಮನೆ ಒಳ್ಳೇದು ಅನ್ನಿಸುತ್ತೆ. ಅದನ್ನು ತಪ್ಪಿಸೋಕೆ ಇಷ್ಟು ಸಾಕು.

ಎಷ್ಟು ಬಂದಿದೆ ಅನ್ನೋದರಲ್ಲಿ ಅ ಮುಂದಿತ್ತು: 14ರಲ್ಲಿ 12. ಇ ಹತ್ತು. ಆ ಎಂಟೇ, ಆದರೆ ಆ ಎಂಟರಲ್ಲಿ ಕೆಂಪು ಗೆರೆಯ ಐದೂ ಇದ್ದವು. ಬರೀ ಎಣಿಸಿದರೆ ಆ ಕೊನೇ ಸ್ಥಾನ. ತೂಕ ಹಾಕಿದರೆ ಹಾಗಲ್ಲ. ಮುಂದಿನ ಕರೆ ಯಾವತ್ತು ಅನ್ನೋದು ಬಿಟ್ಟುಹೋದರೆ ಒಂದು ಮೆಸೇಜಲ್ಲಿ ಸರಿಹೋಗುತ್ತೆ. ಸುಣ್ಣದ ಪ್ರಮಾಣ ಬಿಟ್ಟುಹೋದರೆ ಹಾಗಾಗಲ್ಲ.

ಆಮೇಲೆ ನಿಷ್ಠೆ. ಇದಕ್ಕೆ ಸಾರಾಂಶದ ಒಂದೊಂದು ವಾಕ್ಯವನ್ನೂ ಹಿಡಿದು, ಆ ಮಾತು ಆಡಿಯೋದಲ್ಲಿ ಎಷ್ಟನೇ ನಿಮಿಷಕ್ಕಿದೆ ಅಂತ ಹುಡುಕಿ, ಪಕ್ಕದಲ್ಲಿ ಬರೆಯಬೇಕು. ಸಿಕ್ಕರೆ ‘ಇದೆ’, ಸಿಗದಿದ್ದರೆ ‘ಇಲ್ಲ’, ಸಿಕ್ಕೂ ಅರ್ಥ ಬೇರೆ ಆಗಿದ್ದರೆ ‘ತಿರುಗಿದೆ’. ಪಟ್ಟಿಯಿಂದ ಸಾರಾಂಶಕ್ಕೆ ಹೋದರೆ ಬಿಟ್ಟದ್ದು ಸಿಗುತ್ತೆ. ಸಾರಾಂಶದಿಂದ ಆಡಿಯೋಗೆ ಹೋದರೆ ಸೇರಿಸಿದ್ದು, ತಿರುಚಿದ್ದು ಸಿಗುತ್ತೆ. ದಿಕ್ಕೇ ಬೇರೆ, ಒಂದೇ ಓದಲ್ಲಿ ಎರಡೂ ಆಗಲ್ಲ.

ಅ ಸಾರಾಂಶದಲ್ಲಿ ಎರಡು ‘ತಿರುಗಿದೆ’ ಸಿಕ್ಕವು. ಮೊದಲನೇದು ನೋಡಿ. ಅಧಿಕಾರಿಗಳು 11ನೇ ನಿಮಿಷಕ್ಕೆ ಹೇಳಿದ್ದು, ‘ಸುಣ್ಣದ ನೀರಿಗೆ ಮೈಲುತುತ್ತದ ನೀರು ಹಾಕ್ರಪ್ಪ, ತಿರುಗಾಮುರುಗಾ ಮಾಡ್ಬೇಡಿ’ ಅಂತ. ಸಾರಾಂಶದಲ್ಲಿ ಬಂದದ್ದು, ‘ಮೈಲುತುತ್ತದ ದ್ರಾವಣಕ್ಕೆ ಸುಣ್ಣದ ದ್ರಾವಣವನ್ನು ನಿಧಾನವಾಗಿ ಸೇರಿಸಬೇಕು’ ಅಂತ. ಎಷ್ಟು ಚೆಂದದ ವಾಕ್ಯ! ಎಲ್ಲ ಪದವೂ ಕರೆಯಲ್ಲಿ ಇದ್ದದ್ದೇ. ‘ಗೆ’ ಅನ್ನೋ ಒಂದು ಪ್ರತ್ಯಯ ಆಚೆಯಿಂದ ಈಚೆಗೆ ಬಂತು, ಅಷ್ಟೇ. ಹಾಗೆ ಕಲಸಿದರೆ ದ್ರಾವಣ ಒಡೆದ ಹಾಗಾಗಿ ಬೇಗ ತಳ ಹಿಡಿಯುತ್ತೆ, ನಾಜಲ್ ಕಟ್ಟುತ್ತೆ, ಗೊನೆ ಮೇಲೆ ಸರಿಯಾಗಿ ಕೂರಲ್ಲ.

ಕನ್ನಡದಲ್ಲಿ ಈ ಅಪಾಯ ಜಾಸ್ತಿ ಅಂತ ನನಗನ್ನಿಸುತ್ತೆ. ಯಾವುದಕ್ಕೆ ಯಾವುದು, ಬೇಕೋ ಬೇಡವೋ, ನೋಡಿದ್ದೋ ಕೇಳಿದ್ದೋ, ಎಲ್ಲವೂ ಪದದ ಬಾಲದಲ್ಲಿ ಕೂತಿರುತ್ತೆ. ‘ಹೊಡೀಬೇಕು’, ‘ಹೊಡೀಬಾರ್ದು’ ನಡುವೆ ಇರೋದು ಒಂದು ಬಾಲದ ವ್ಯತ್ಯಾಸ. ನೆಟ್‌ವರ್ಕ್ ಸ್ವಲ್ಪ ಕೈಕೊಟ್ಟರೆ ಮೊದಲು ನುಂಗಿಹೋಗೋದು ಅದೇ. ಸಾರಾಂಶ ಅಳೆಯೋಕೆ ಕಂಪ್ಯೂಟರ್ ಜನ 2004ರಿಂದ ಬಳಸುತ್ತಿರೋ ರೂಜ್ ಅನ್ನೋ ಅಳತೆ ಇದೆ. ಅದು ಮನುಷ್ಯ ಬರೆದ ಸಾರಾಂಶದ ಪದಗಳು ಯಂತ್ರದ ಸಾರಾಂಶದಲ್ಲಿ ಎಷ್ಟು ಸಿಗುತ್ತವೆ ಅಂತ ಎಣಿಸುತ್ತೆ. ಮೇಲಿನ ತಲೆಕೆಳಗಾದ ವಾಕ್ಯಕ್ಕೆ ಅಂಥ ಎಣಿಕೆಯಲ್ಲಿ ಒಳ್ಳೇ ಅಂಕವೇ ಬೀಳುತ್ತೆ. ಯಾವುದೋ ಆಪ್ ‘ನಮ್ಮದಕ್ಕೆ ಇಷ್ಟು ಅಂಕ’ ಅಂತ ಹೇಳಿಕೊಂಡರೆ, ಏನನ್ನು ಎಣಿಸಿದ ಅಂಕ ಅಂತ ಕೇಳಿ.

ಎರಡನೇ ತಿರುವು ಇನ್ನೂ ಸೂಕ್ಷ್ಮದ್ದು. ಹುಡುಗರಲ್ಲಿ ಒಬ್ಬ 24ನೇ ನಿಮಿಷಕ್ಕೆ ಹೇಳಿದ: ‘ಪಕ್ಕದ ಊರಲ್ಲಿ ಯಾರೋ ಒಂದೇ ಸಲ ಹೊಡೆದು ಬಿಟ್ರಂತೆ, ಏನೂ ಆಗ್ಲಿಲ್ವಂತೆ.’ ಅ ಸಾರಾಂಶ ಬರೆದದ್ದು: ‘ಒಂದೇ ಸಿಂಪಡಣೆಯಿಂದ ರೋಗ ನಿಯಂತ್ರಣಕ್ಕೆ ಬಂದ ಅನುಭವವನ್ನು ಸದಸ್ಯರು ಹಂಚಿಕೊಂಡರು.’ ‘ಅಂತೆ’ ಹೋಯಿತು, ಗಾಳಿಸುದ್ದಿ ಅನುಭವ ಆಯಿತು. ಯಾರೂ ಸುಳ್ಳು ಹೇಳಿಲ್ಲ, ಆದರೂ ಓದಿದವನು ಎರಡನೇ ಸಿಂಪಡಣೆ ಬಿಡೋಕೆ ಒಂದು ನೆಪ ಸಿಕ್ಕಿತು. ಹಾಗಾಗಿ ನಿಷ್ಠೆ ನೋಡುವಾಗ ನಾನು ಸಂಖ್ಯೆ, ‘ಗೆ’, ‘ಬೇಡ’, ‘ಅಂತೆ’, ‘ಆದರೆ ಮಾತ್ರ’ ಈ ಐದಕ್ಕೆ ಕಣ್ಣು ಇಡ್ತೀನಿ. ‘ಆದರೆ ಮಾತ್ರ’ ಅಂದರೆ ಷರತ್ತು. ‘ಮಳೆ ನಿಲ್ಲದಿದ್ದರೆ ಮಾತ್ರ ಮೂರನೇದು’ ಅನ್ನೋದು ‘ಮೂರು ಸಲ ಸಿಂಪಡಿಸಿ’ ಅಂತ ಆಗೋಕೆ ಎಷ್ಟು ಹೊತ್ತು? ಸದ್ಯ, ನಮ್ಮ ಮೂರರಲ್ಲಿ ಯಾವುದೂ ಅದನ್ನು ಕೆಡಿಸಲಿಲ್ಲ.

ಇಲ್ಲಿ ಒಂದು ಮಾತು. ಮೂರೂ ಸಾರಾಂಶದಲ್ಲಿ ಒಂದೇ ಮಾತು ಇದ್ದರೆ ಅದು ನಿಜ ಇರಬೇಕು ಅಂತ ತಿಳಿಯಬೇಡಿ. ಮೂರಕ್ಕೂ ಮೂಲ ಒಂದೇ ಅಕ್ಷರ ರೂಪ. ಅಲ್ಲೇ ತಪ್ಪಾಗಿದ್ದರೆ ಮೂರೂ ಒಟ್ಟಿಗೇ ತಪ್ಪುತ್ತವೆ. ಅಕ್ಕ 29ನೇ ನಿಮಿಷಕ್ಕೆ, ‘ಮರ ಹತ್ತೋರು ಮತ್ತೆ ಮತ್ತೆ ಸಿಗದಿದ್ರೆ ಒಂದಷ್ಟು ಮರಕ್ಕೆ ಕೊಟ್ಟೆನೇ ಕಟ್ಟೋದು ವಾಸಿ’ ಅಂದರು. ಮಲೆನಾಡಿನವರಿಗೆ ಗೊತ್ತು, ಮಳೆ ತಾಗದ ಹಾಗೆ ಗೊನೆಗೆ ಹೊದಿಕೆ ಕಟ್ಟೋದು ಕೊಟ್ಟೆ. ಆಪ್‌ಗೆ ಗೊತ್ತಿರೋದು ‘ನಾನು ಕೊಟ್ಟೆ’ ಅನ್ನೋ ಕೊಟ್ಟೆ. ಅಕ್ಷರ ರೂಪದಲ್ಲಿ ‘ಮರಕ್ಕೆ ಕೊಟ್ಟೆ ನಾನೇ ಕಟ್ಟೋದು’ ಅಂತ ಬಂತು. ಅರ್ಥವಾಗದ್ದನ್ನು ಸಾರಾಂಶಗಳು ಕೈಬಿಟ್ಟವು, ಮೂರೂ. ಮೈಲುತುತ್ತ ಕೂಡ ಒಂದು ಕಡೆ ‘ಮೈಲು ತುತ್ತು’ ಆಗಿತ್ತು, ಅದು ಹೇಗೋ ಸರಿಹೋಯಿತು ಅನ್ನಿ. ಅದಕ್ಕೇ ಎರಡು ಆಪ್ ಹೋಲಿಸುವಾಗ ಒಂದೇ ಅಕ್ಷರ ರೂಪ ಕೊಡಿ, ಆದರೆ ತಪ್ಪು ಹುಡುಕುವಾಗ ಆಡಿಯೋಗೇ ಹೋಗಿ. ಅಕ್ಷರ ಇಳಿಸೋದರಲ್ಲಿ ಆದ ತಪ್ಪು ಯಾವುದು, ಸಾರಾಂಶ ಮಾಡೋದರಲ್ಲಿ ಆದ ತಪ್ಪು ಯಾವುದು ಅಂತ ಆಗ ಬೇರೆಯಾಗುತ್ತೆ. ಮೊದಲನೆಯದಕ್ಕೆ ಸಾರಾಂಶದ ಆಪ್ ಬದಲಿಸಿ ಉಪಯೋಗ ಇಲ್ಲ.

ಇನ್ನು ಇ. ಇದರ ಕಥೆ ಬೇರೆ. ಇದರಲ್ಲಿದ್ದ 11 ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ಆಡಿಯೋದಲ್ಲಿ ಎಲ್ಲಕ್ಕೂ ನಿಮಿಷ ಸಿಕ್ಕಿತು. ಆದರೆ 5 ವಾಕ್ಯ ಅಂಗಡಿಯವರ ಅಂಟಿನ ಬಗ್ಗೆ. ಅವರು 38ರಲ್ಲಿ ಮಾತಾಡಿದ್ದು ಆರು ನಿಮಿಷ. ‘ನಮ್ಮ ಅಂಟು ಸೇರಿಸಿದ್ರೆ ಎರಡನೇ ಸಿಂಪಡಣೆಯೇ ಬೇಡ’ ಅಂತ ಅವರು ಹೇಳಿದ್ದು ಬಂದಿದೆ. ಅದರ ಬೆನ್ನಿಗೇ ಅಧಿಕಾರಿಗಳು, ‘ಇಲ್ಲ ಸ್ವಾಮಿ, ಅಂಟು ಹಾಕಿದ್ರೂ ಕಾಯಿ ದೊಡ್ಡದಾಗ್ತಾ ಹೋಗುತ್ತೆ, ಹೊಸದಾಗಿ ಬೆಳೆದ ಭಾಗದ ಮೇಲೆ ಔಷಧಿ ಇರಲ್ಲ, ಎರಡನೇದು ಬೇಕೇ ಬೇಕು’ ಅಂದದ್ದು ಬಂದಿಲ್ಲ. ವಾಕ್ಯ ವಾಕ್ಯ ಹಿಡಿದು ನೋಡಿದರೆ ನಿಷ್ಠೆ ನೂರಕ್ಕೆ ನೂರು, ಒಟ್ಟಾಗಿ ಓದಿದರೆ ಜಾಹೀರಾತು. ಪಕ್ಷಪಾತ ಬೇರೆಯಾಗಿ ನೋಡಬೇಕಾದ ವಿಷಯ ಅನ್ನೋದು ಇದಕ್ಕೇ. ಅದು ಬರೆದದ್ದರಲ್ಲಿ ಇರಲ್ಲ; ಏನನ್ನು ಇಟ್ಟರು, ಏನನ್ನು ಬಿಟ್ಟರು ಅನ್ನೋದರ ಅನುಪಾತದಲ್ಲಿ ಇರುತ್ತೆ.

ಹಾಗಂತ ಆರು ಜನರಿಗೂ ಸಮ ಪಾಲು ಕೊಡಬೇಕು ಅಂತಲ್ಲ. ನಾನು ಆ ಕರೆಯಲ್ಲಿ ಹೆಚ್ಚು ಮಾತಾಡಿದ್ದೆ, ಹೆಚ್ಚಿನದು ಪ್ರಶ್ನೆ, ಅದೆಲ್ಲ ಬರಬೇಕಾಗಿಲ್ಲ. ನಾನು ನೋಡೋದು ಎರಡು. ಒಬ್ಬರ ಮಾತಿಗೆ ಎದುರು ಮಾತು ಇದ್ದರೆ ಎರಡೂ ಬಂದಿವೆಯಾ? ಮತ್ತು ಕರೆಯಲ್ಲಿ ತೀರ್ಮಾನಕ್ಕೆ ಕಾರಣ ಆದವರ ಮಾತು ಸಾರಾಂಶದಲ್ಲಿ ಇದೆಯಾ? ಮರ ಹತ್ತುವವರನ್ನು ಎಲ್ಲರೂ ಸೇರಿ ಒಂದೇ ವಾರಕ್ಕೆ ಗೊತ್ತು ಮಾಡೋಣ ಅನ್ನೋ ತೀರ್ಮಾನ ಹುಟ್ಟಿದ್ದು ಅಕ್ಕನಿಂದ. ಇ ಸಾರಾಂಶದಲ್ಲಿ ಅಕ್ಕ ಇಲ್ಲವೇ ಇಲ್ಲ. ಆ ಸಾರಾಂಶದಲ್ಲೂ ಇಲ್ಲ, ಅದನ್ನೂ ಹೇಳಬೇಕು.

ಇ ಹೀಗೆ ಮಾಡಿದ್ದು ಯಾಕೆ? ಅಂಗಡಿಯವರು ತುಂಡರಿಸದೆ, ಪುಸ್ತಕದ ಹಾಗೆ ಉದ್ದ ವಾಕ್ಯದಲ್ಲಿ ಮಾತಾಡ್ತಾರೆ. ಅಕ್ಕ ಅರ್ಧ ಹೇಳಿ, ಯಾರಿಗೋ ದಾರಿ ಬಿಟ್ಟು, ಮತ್ತೆ ಹೇಳ್ತಾರೆ. ಕಾರಣ ಇದೇನಾ ಅಂತ ನೋಡೋಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ, ನೀವೂ ಮಾಡಬಹುದು. ಅಕ್ಷರ ರೂಪದಲ್ಲಿ ಮಾತು ಹಾಗೇ ಇಟ್ಟು, ‘ಔಷಧಿ ಅಂಗಡಿ’ ಅನ್ನೋ ಗುರುತು ತೆಗೆದು ‘ಸದಸ್ಯ 4’ ಅಂತ ಹಾಕಿ ಮತ್ತೆ ಸಾರಾಂಶ ಮಾಡಿಸೋದು. ಒಂದೇ ಆಪ್ ಒಂದೇ ಪಠ್ಯಕ್ಕೆ ಎರಡು ಸಲ ಎರಡು ಥರ ಬರೆಯೋದೂ ಉಂಟು, ಅದಕ್ಕೆ ಮೊದಲಿನ ಗುರುತಲ್ಲಿ ಮೂರು ಸಲ, ಹೊಸ ಗುರುತಲ್ಲಿ ಮೂರು ಸಲ ಮಾಡಿಸಿದೆ. ಮೊದಲಿನದರಲ್ಲಿ ಅಂಟಿನ ಬಗ್ಗೆ ನಾಲ್ಕೋ ಐದೋ ವಾಕ್ಯ ಬಂದವು, ಹೊಸದರಲ್ಲಿ ಎರಡೋ ಮೂರೋ. ಅಂದರೆ ಮಾತಿನ ಶೈಲಿಯೂ ಕಾರಣ, ಅಂಗಡಿ ಅನ್ನೋ ಗುರುತೂ ಕಾರಣ. ಅಧಿಕಾರಿಗಳ ಎದುರು ಮಾತು ಆರರಲ್ಲಿ ಎರಡು ಸಲ ಮಾತ್ರ ಕಾಣಿಸಿತು. ಒಂದೇ ಕರೆ ಇಟ್ಟುಕೊಂಡು ಈ ಆಪ್ ಯಾವಾಗಲೂ ಹೀಗೇ ಅನ್ನೋಕೆ ಬರಲ್ಲ. ಇನ್ನೂ ಮೂರು ಕರೆಗೆ ಇದೇ ಲೆಕ್ಕ ಇಟ್ಟೆ. ಮಾರಾಟದವರು ಇದ್ದ ಎರಡರಲ್ಲಿ ಇ ಮತ್ತೆ ಅತ್ತಲೇ ವಾಲಿತು, ಇಲ್ಲದ ಒಂದರಲ್ಲಿ ಚೆನ್ನಾಗೇ ಬರೆಯಿತು.

ಈಗ ಕೂಡಿಸೋ ವಿಷಯ. ಹುಡುಗ ಒಂದೊಂದಕ್ಕೂ ಹತ್ತರಲ್ಲಿ ಅಂಕ ಹಾಕಿದ. ಅ: ವ್ಯಾಪ್ತಿಗೆ 9, ನಿಷ್ಠೆಗೆ 8, ಪಕ್ಷಪಾತ ಇಲ್ಲದ್ದಕ್ಕೆ 9, ಒಟ್ಟು 26. ಆ: 6, 10, 8, ಒಟ್ಟು 24. ಇ: 7, 10, 4, ಒಟ್ಟು 21. ‘ಅ ಗೆದ್ದಿತು ಅಣ್ಣಾ’ ಅಂದ. ಗೆದ್ದದ್ದು ದ್ರಾವಣವನ್ನು ತಲೆಕೆಳಗೆ ಕಲಸೋಕೆ ಹೇಳಿದ ಸಾರಾಂಶ! ನಿಷ್ಠೆಯಲ್ಲಿ 8 ಅಂದರೆ ಓದೋಕೆ ಒಳ್ಳೇ ಅಂಕ, ಆದರೆ ಆ ಕಳೆದ ಎರಡು ಅಂಕ ಕೂತಿರೋದು ಕೆಂಪು ಗೆರೆಯ ಅಂಶಗಳ ಮೇಲೆ. ನಾನು ನಿಷ್ಠೆಯನ್ನು ಗೇಟು ಅಂತ ಇಡ್ತೀನಿ. ಕೆಂಪು ಗೆರೆಯ ವಿಷಯದಲ್ಲಿ ಒಂದು ‘ತಿರುಗಿದೆ’ ಬಂದರೂ ಆ ಸಾರಾಂಶ ಹೊರಗೆ, ಮಿಕ್ಕದ್ದರಲ್ಲಿ ಎಷ್ಟೇ ಇರಲಿ. ಗೇಟು ದಾಟಿದವುಗಳಲ್ಲಿ ಕೆಂಪು ಗೆರೆಯ ಐದೂ ಇವೆಯಾ ನೋಡ್ತೀನಿ, ಆಮೇಲೆ ವಾಲಿರೋದನ್ನು.

ಇದಕ್ಕೆ ಹುಡುಗನ ಎದುರು ಮಾತೂ ಇತ್ತು, ಅದರಲ್ಲಿ ಹುರುಳಿದೆ. ‘ಬಿಟ್ಟುಹೋದದ್ದೂ ತಪ್ಪೇ ಅಲ್ವಾ? ಸಾವಯವದವರು ಪ್ರಮಾಣೀಕರಣದವರನ್ನು ಕೇಳಬೇಕು ಅನ್ನೋದನ್ನು ಆ ಬಿಟ್ಟಿದೆ. ಅದನ್ನು ಓದಿ ಹೊಡೆದರೆ ನಿಮ್ಮ ಸರ್ಟಿಫಿಕೇಟಿಗೇ ಕುತ್ತು’ ಅಂದ. ಸರಿ. ಆರು ಜನರಲ್ಲಿ ಅದು ಬೇಕಾಗಿದ್ದದ್ದು ಇಬ್ಬರಿಗೆ ಮಾತ್ರ, ಹಾಗಾಗಿ ಅದಕ್ಕೆ ಕೆಂಪು ಗೆರೆ ಬಿದ್ದಿರಲಿಲ್ಲ. ಆದರೆ ಆ ಇಬ್ಬರಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕೆಂಪು ಗೆರೆ ಯಾರ ಕಣ್ಣಿಂದ ಅಂತ ಮೊದಲೇ ತೀರ್ಮಾನ ಮಾಡಬೇಕು ಅನ್ನೋದನ್ನು ಒಪ್ಪಿದೆ. ಈಗ ಪಟ್ಟಿಯಲ್ಲಿ ಒಂದೊಂದು ಅಂಶದ ಮುಂದೆ ಅದು ಯಾರಿಗೆ ಬೇಕಾದ್ದು ಅಂತಲೂ ಬರೀತೀವಿ. ಇಬ್ಬರಿಗೇ ಆದರೂ ನಷ್ಟ ದೊಡ್ಡದಾದರೆ ಕೆಂಪು.

ಆದರೂ ಬಿಟ್ಟುಹೋದದ್ದಕ್ಕೂ ತಿರುಗಿದ್ದಕ್ಕೂ ಒಂದು ವ್ಯತ್ಯಾಸ ಉಳಿದೇ ಉಳಿಯುತ್ತೆ. ಬಿಟ್ಟದ್ದನ್ನು ಕರೆಯಲ್ಲಿದ್ದವರು ಯಾರಾದರೂ ‘ಇದೊಂದು ಬಂದಿಲ್ಲ’ ಅಂತ ಸೇರಿಸಬಹುದು. ತಿರುಗಿದ್ದು ಸರಿಯಾದದ್ದರ ವೇಷದಲ್ಲೇ ಇರುತ್ತೆ. ಕರೆಯಲ್ಲಿ ಇದ್ದವನ ನೆನಪನ್ನೂ ಅದು ಬದಲಿಸುತ್ತೆ, ಇಲ್ಲದವನಿಗಂತೂ ಅದೇ ಮೂಲ.

ಪ್ರತಿ ಕರೆಗೂ ಇಷ್ಟೆಲ್ಲ ಯಾರು ಮಾಡ್ತಾರೆ ಅಂದರೆ, ನಾವೂ ಮಾಡಲ್ಲ. ಆಪ್ ಆರಿಸುವಾಗ ನಾಲ್ಕು ಕರೆಗೆ ಮಾಡಿದ್ವಿ, ಆಪ್ ದೊಡ್ಡದಾಗಿ ಅಪ್‌ಡೇಟ್ ಆದಾಗ ಒಂದು ಕರೆಗೆ ಮಾಡ್ತೀವಿ. ಉಳಿದಂತೆ ಆ ಆಪ್‌ನ ಸಾರಾಂಶವನ್ನೇ ಬಳಸ್ತೀವಿ. ಗುಂಪಿಗೆ ಹಾಕೋ ಮೊದಲು ಕರೆಯಲ್ಲಿದ್ದ ಒಬ್ಬರು, ಸರದಿ ಮೇಲೆ, ಸಂಖ್ಯೆ ಮತ್ತು ‘ಬೇಡ’ ಇರೋ ವಾಕ್ಯಗಳನ್ನು ಮಾತ್ರ ಆಡಿಯೋ ಜೊತೆ ತಾಳೆ ನೋಡಿ, ಮುಂದೆ ನಿಮಿಷ ಬರೀತಾರೆ. ಹತ್ತು ನಿಮಿಷದ ಕೆಲಸ. ಕೆಳಗೆ ಬಿಟ್ಟುಹೋದದ್ದನ್ನು ಕೈಯಲ್ಲೇ ಟೈಪ್ ಮಾಡ್ತಾರೆ. ಮೇ ತಿಂಗಳ ಆ ಕರೆಯ ಸಾರಾಂಶದ ಕೆಳಗೆ ಈಗ ಎರಡು ಸಾಲು ಇವೆ. ಒಂದು ಪ್ರಮಾಣೀಕರಣದ್ದು. ಇನ್ನೊಂದು: ‘29ನೇ ನಿಮಿಷ, ಅಕ್ಕ ಹೇಳಿದ್ದು: ಮರ ಹತ್ತೋರು ಮತ್ತೆ ಮತ್ತೆ ಸಿಗದಿದ್ರೆ ಕೊಟ್ಟೆ ಕಟ್ಟಿ.’